ನಾಲ್ಕನೆಯ ಅಂಶ

ಪಾಂಡವಪುರದ ಸುತ್ತಮುತ್ತ ಟ್ರಾಕ್ಟರು ಕೊಳ್ಳುವವರು ತಿಮ್ಮರಾಜುವನ್ನು ಕಾಣದೆ ಹೋಗುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಮಳಿಗೆಯಲ್ಲಿ ಅವನ ವ್ಯಾಪಾರ ಚೆನ್ನಾಗಿಯೇ ನಡೆದಿತ್ತು. ಆದರೆ ತೊಂಬತ್ತೆಂಟರ ಕೊನೆಗೆ ಕಂಪನಿಯವರು ಹೊಸ ಕಟ್ಟಳೆ ತಂದರು. ಏಜೆನ್ಸಿ ಉಳಿಯಬೇಕಾದರೆ ಸ್ವಂತ ಷೋರೂಮ್ ಇರಬೇಕು, ರಸ್ತೆಗೆ ಎದುರಾಗಿ ಅರವತ್ತು ಅಡಿ ಮುಖ ಇರಬೇಕು, ಮುಂದಿನ ದಸರಾ ಹೊತ್ತಿಗೆ ಬಾಗಿಲು ತೆರೆಯಬೇಕು. ಅದರ ಜೊತೆಗೆ ಅವನ ಮೇಜಿನ ಮೇಲೆ ಒಂದು ಕಂಪ್ಯೂಟರನ್ನೂ ತಂದು ಕೂರಿಸಿದರು. ಇನ್ನು ಮುಂದೆ ಆರ್ಡರು, ಸ್ಟಾಕು, ದೂರು ಎಲ್ಲವೂ ಇ-ಮೇಲಿನಲ್ಲೇ ಎಂದರು. ಮಂಡ್ಯದಲ್ಲಿ ಬಿ.ಕಾಂ. ಮಾಡಿದ್ದ ತಿಮ್ಮರಾಜು ಮೈಸೂರಿನ ನಂಬರಿಗೆ ಫೋನಿನ ಲೈನು ಹಚ್ಚಿ, ಮೋಡೆಮ್ ಪೆಟ್ಟಿಗೆ ಕೀಚಲು ಕೂಗುತ್ತ ಕಿರುಗುಟ್ಟುವುದನ್ನು ಕೇಳಿಸಿಕೊಂಡು ಇ-ಮೇಲು ಇಳಿಸಿಕೊಳ್ಳುವುದನ್ನು ಒಂದೇ ವಾರದಲ್ಲಿ ಕಲಿತ. ಊರಿನಲ್ಲಿ ಬೇರೆ ಯಾರಿಗೂ ಬಾರದ ವಿದ್ಯೆ ತನಗೆ ಬಂತೆಂಬ ಸಣ್ಣ ಜಂಬವೂ ಅವನಿಗಿತ್ತು.

ಜಾಗಕ್ಕೆ ಕೊರತೆಯಿರಲಿಲ್ಲ. ಶ್ರೀರಂಗಪಟ್ಟಣದ ರಸ್ತೆಯಲ್ಲಿ, ಊರು ದಾಟಿದ ಕೂಡಲೇ, ಅವನ ಅಪ್ಪ ಚೌಡಯ್ಯ ಬಿಟ್ಟುಹೋದ ಮುಕ್ಕಾಲು ಎಕರೆ ಹಾಳುಬಿದ್ದಿತ್ತು. ಅದರ ಈಶಾನ್ಯ ಮೂಲೆಯಲ್ಲಿ ಎರಡು ಅಂಕಣದ ಹೆಂಚಿನ ಮನೆ. ಮನೆಯಲ್ಲಿ ದೊಡ್ಡತಾಯಮ್ಮ, ಹಿಂದಿನ ಕೊಟ್ಟಿಗೆಯಲ್ಲಿ ಅವಳ ಎರಡು ಎಮ್ಮೆ.

ತಿಮ್ಮರಾಜುವಿಗೆ ಐದು ವರ್ಷವಾಗಿದ್ದಾಗ ಹೆತ್ತವಳು ತೀರಿಕೊಂಡಿದ್ದಳು. ಮರುವರ್ಷ ಚೌಡಯ್ಯ ಬೂಕನಕೆರೆ ಕಡೆಯ ಈ ವಿಧವೆಯನ್ನು ಕೂಡಿಕೆ ಮಾಡಿಕೊಂಡು ಬಂದ. ತಾಳಿಯಿಲ್ಲ, ಚಪ್ಪರವಿಲ್ಲ, ಒಂದು ಸೀರೆ ಕೊಟ್ಟು ಕರೆತಂದದ್ದು ಅಷ್ಟೆ. ಚೌಡಯ್ಯನ ತಾಯಿ ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ. ಅದಕ್ಕೇ ರಸ್ತೆ ಬದಿಯ ಹೊಲದಲ್ಲಿ ಆ ಮನೆ ಎದ್ದದ್ದು. ಆದರೆ ಹುಡುಗನನ್ನು ತಡೆಯುವವರು ಯಾರು? ಅಜ್ಜಿ ಕೂಗಿದರೂ ಕೇಳದೆ ಅಲ್ಲಿಗೇ ಓಡಿಹೋಗುತ್ತಿದ್ದ, ಅಲ್ಲೇ ಉಂಡು ಅವಳ ಮಗ್ಗುಲಲ್ಲೇ ಮಲಗುತ್ತಿದ್ದ. ಚಿಕ್ಕವ್ವ ಎನ್ನುತ್ತಿದ್ದ. ಅವಳ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಮಂಡ್ಯದ ಹಾಸ್ಟೆಲಿಗೆ ಅವನು ಹೋದಾಗ ಹಾಲು ಮಾರಿದ ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದವಳು ಅವಳೇ. ಚೌಡಯ್ಯ ಸಾಯುವಾಗ ಮಗನಿಗೆ, "ಅವ್ಳಿರೋಗಂಟ ಆ ಮನೆ ತಂಟೆಗೆ ಓಗ್ಬ್ಯಾಡ ಕಣ್ಲಾ," ಎಂದಿದ್ದ. ಅದನ್ನು ಯಾರೂ ಬರೆದಿಡಲಿಲ್ಲ. ಪಹಣಿಯಲ್ಲಿದ್ದದ್ದು ತಿಮ್ಮರಾಜುವಿನ ಹೆಸರೊಂದೇ.

ಷೋರೂಮಿನ ನಕ್ಷೆ ಬರೆದವಳು ಮೈಸೂರಿನ ಅರ್ಪಿತ, ಇನ್ನೂ ಮೂವತ್ತು ದಾಟದ ಆರ್ಕಿಟೆಕ್ಟು. ಕಂಪನಿಯ ಏರಿಯಾ ಮ್ಯಾನೇಜರೇ ಅವಳನ್ನು ಗೊತ್ತುಮಾಡಿಕೊಟ್ಟಿದ್ದ. ಕಟ್ಟುವ ಗುತ್ತಿಗೆ ಕೆ.ಆರ್. ಪೇಟೆಯ ಮಂಚಯ್ಯನದು. ಆ ಸೀಮೆಯ ಎಷ್ಟೋ ಶಾಲೆ, ಸೊಸೈಟಿ ಕಟ್ಟಡಗಳನ್ನು ಕಟ್ಟಿದ್ದ, ಅಳತೆಯಲ್ಲಿ ಗಟ್ಟಿಗ, ಮಾತಿನಲ್ಲಿ ಮೆತ್ತಗಿನ ಮನುಷ್ಯ.

ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಮೂವರೂ ಜಾಗದಲ್ಲಿ ಸೇರಿದರು. ಮಂಚಯ್ಯನ ಆಳುಗಳು ಹಗ್ಗ ಕಟ್ಟಿ ಗೂಟ ಹೊಡೆದು ಕಂಬಗಳ ಗುರುತು ಮಾಡಿದ್ದರು. ಅರ್ಪಿತ ನಕ್ಷೆಯನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಳು. ರಸ್ತೆಯ ಮಟ್ಟಕ್ಕಿಂತ ಎಷ್ಟು ಎತ್ತರಕ್ಕೆ ತಳಪಾಯ ಎಬ್ಬಿಸಬೇಕು, ಬೋರಿನ ನೀರು ಯಾವಾಗ ಸಿಗುತ್ತದೆ, ಕಬ್ಬಿಣದ ಲೆಕ್ಕದ ನಕ್ಷೆ ಯಾವತ್ತು ಕೈಗೆ ಬರುತ್ತದೆ ಎಂದೆಲ್ಲ ಒಂದೊಂದಾಗಿ ಮಾತಾಯಿತು. ಅವಳು ಪ್ರತಿಯೊಂದನ್ನೂ ಕಾಗದದಲ್ಲಿ ಗುರುತಿಸಿಕೊಳ್ಳುತ್ತ ಹೋದಳು.

ಕೊನೆಗೆ ಮಂಚಯ್ಯ ಗಂಟಲು ಸರಿಮಾಡಿಕೊಂಡ. "ಮೇಡಂ, ಆ ಮೂಲೆ ಕಂಬದ ಗುಂಡಿ ತೆಗೀಬೇಕಲ್ಲ, ಅದು ಸರಿಯಾಗಿ ಆ ಮನೆ ಗ್ವಾಡೆ ಅಡೀಗೇ ಬತ್ತದೆ. ಟ್ರಾಕ್ಟ್ರು ಅತ್ತೋ ಇಳಿಜಾರೂ ಅಲ್ಲೇ. ಮನೆ ಇಟ್ಕೊಂಡು ಗುಂಡಿ ತೋಡಕ್ಕಾಗಾಕಿಲ್ಲ. ತೋಡುದ್ರೆ ಗ್ವಾಡೆ ಬಿದ್ದೋಯ್ತದೆ."

ಅರ್ಪಿತ ನಕ್ಷೆ ನೋಡಿದಳು, ಗೂಟ ನೋಡಿದಳು. "ಎರಡೇ ದಾರಿ ಸರ್," ಎಂದಳು ತಿಮ್ಮರಾಜುವಿಗೆ. "ಕಂಬಗಳನ್ನೆಲ್ಲ ಈ ಕಡೆಗೆ ಸರಿಸಿ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮತ್ತೆ ಲೆಕ್ಕ ಹಾಕಿಸಬೇಕು, ಅದಕ್ಕೆ ಮೂರು ವಾರ ಹಿಡಿಯುತ್ತೆ. ಆಗ ಮುಂಭಾಗ ಐವತ್ತೆರಡು ಅಡಿಗೆ ಇಳಿಯುತ್ತೆ, ಕಂಪನಿ ಒಪ್ಪಲ್ಲ. ಇಲ್ಲಾಂದ್ರೆ ಈ ಕಟ್ಟಡ ತೆರವಾಗಬೇಕು. ಯಾರಿರ್ತಾರೆ ಅಲ್ಲಿ?"

ಅದೇ ಹೊತ್ತಿಗೆ ದೊಡ್ಡತಾಯಮ್ಮ ಒಂದು ಚೊಂಬು, ಮೂರು ಲೋಟ ಹಿಡಿದು ಬರುತ್ತಿದ್ದಳು. ಬಿಸಿಲಿಗೆ ನಿಂತವರಿಗೆ ಮಜ್ಜಿಗೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಅಂಗಾಲಿಗೆ ಸಗಣಿ ಮೆತ್ತಿತ್ತು. ತಿಮ್ಮರಾಜು ಅವಳತ್ತ ನೋಡಿದ. ಕಾರಿನ ಪಕ್ಕದಲ್ಲಿ ಬಿಳಿ ಬೂಟು ಹಾಕಿ ನಿಂತಿದ್ದ ಹುಡುಗಿಯತ್ತ ನೋಡಿದ. ಕೂಡಿಕೆ, ಅಪ್ಪ, ಅಜ್ಜಿ, ಎಲ್ಲಿಂದ ಹೇಳಲು ಶುರುಮಾಡುವುದು?

"ನಮ್ಮ ಹಳೇ ಆಳು ಮೇಡಂ," ಎಂದ. "ಕಾವಲಿಗೆ ಅಂತ ಇಟ್ಟಿದ್ದು."

ಮಂಚಯ್ಯ ತಟ್ಟನೆ ತಲೆಯೆತ್ತಿ ಅವನ ಮುಖ ನೋಡಿದ. ಬೂಕನಕೆರೆ ಅವನ ತಾಲ್ಲೂಕಿನದೇ. ದೊಡ್ಡತಾಯಮ್ಮ ಯಾರು, ಎಂಥವಳು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನು ಲೋಟ ತೆಗೆದುಕೊಂಡು ಆ ಕಡೆ ತಿರುಗಿ ನಿಂತ.

"ಹಾಗಾದ್ರೆ ತೊಂದರೆ ಇಲ್ಲ," ಎಂದಳು ಅರ್ಪಿತ. "ನೀವೇ ಹೇಳ್ತೀರಲ್ಲ ಅವರಿಗೆ?"

"ನೋಡೋಣ. ಮಾತಾಡ್ತೀನಿ," ಎಂದ ತಿಮ್ಮರಾಜು.

ಮರುದಿನ ಮಧ್ಯಾಹ್ನ ಇ-ಮೇಲು ಬಂತು, ಇಂಗ್ಲಿಷಿನಲ್ಲಿ. ಯಾರ ಯಾರ ಸಮ್ಮುಖದಲ್ಲಿ ಸಭೆ ನಡೆಯಿತು, ಏನು ತೀರ್ಮಾನವಾಯಿತು, ಅದು ಯಾರ ಹೊಣೆ, ಯಾವತ್ತಿನೊಳಗೆ ಮುಗಿಯಬೇಕು, ಎಲ್ಲವೂ ಸಾಲು ಸಾಲಾಗಿ ಇದ್ದವು. ತಳಪಾಯದ ಎತ್ತರ ನಿರ್ಧಾರವಾಗಿದೆ. ಬೋರಿನ ನೀರು, ತಾತ್ಕಾಲಿಕ ಕರೆಂಟು ಮಾಲೀಕರದು. ಪಾಯದ ನಕ್ಷೆ ಆರ್ಕಿಟೆಕ್ಟರದು. ನಾಲ್ಕನೆಯ ಅಂಶ ಹೀಗಿತ್ತು: "ಈಶಾನ್ಯ ಮೂಲೆಯ ಕಾವಲಿನವರ ಶೆಡ್ಡನ್ನು ತೆರವು ಮಾಡಿಸುವುದು, ಮಾಲೀಕರು, ಫೆಬ್ರವರಿ 22. ಶೆಡ್ಡನ್ನು ಕೆಡವಿ ಮಣ್ಣು ಸಾಗಿಸುವುದು, ಗುತ್ತಿಗೆದಾರರು, ಫೆಬ್ರವರಿ 23." ಅದರ ಕೆಳಗೆ ಐದನೆಯದು, ಇಪ್ಪತ್ನಾಲ್ಕರಿಂದ ಪಾಯದ ಗುಂಡಿ. ಕಟ್ಟಕಡೆಗೆ ಎರಡು ಸಾಲು: ಇದರಲ್ಲಿ ಏನಾದರೂ ತಪ್ಪಿದ್ದರೆ ಶನಿವಾರದೊಳಗೆ ಬರೆದು ತಿಳಿಸಬೇಕು, ತಿಳಿಸದಿದ್ದರೆ ಎಲ್ಲರೂ ಒಪ್ಪಿದ್ದಾರೆಂದು ತಿಳಿದು ಕೆಲಸ ಮುಂದುವರಿಸಲಾಗುವುದು. ಒಂದು ಪ್ರತಿ ಏರಿಯಾ ಮ್ಯಾನೇಜರಿಗೂ ಹೋಗಿತ್ತು. ಮಂಚಯ್ಯನಿಗೆ ಇ-ಮೇಲ್ ಇಲ್ಲದ್ದರಿಂದ ಅವನ ಪ್ರತಿಯನ್ನು ತಿಮ್ಮರಾಜುವೇ ಅಚ್ಚು ತೆಗೆದು ಕೊಡಬೇಕೆಂದಿತ್ತು.

ತಿಮ್ಮರಾಜು ನಾಲ್ಕನೆಯ ಸಾಲನ್ನು ಎರಡು ಸಲ ಓದಿದ. ನೋಡೋಣ ಎಂದಿದ್ದೆ, ಆಗಲಿ ಎನ್ನಲಿಲ್ಲವಲ್ಲ ಎಂದುಕೊಂಡ. ಸಿಟ್ಟು ಬಂತು. ಉತ್ತರ ಬರೆಯಲು ಕೂತ. "ನಾಲ್ಕನೆಯ ಅಂಶದ ಬಗ್ಗೆ" ಎಂದು ಹೊಡೆದು ಕೈ ನಿಂತಿತು. ಏನಂತ ಬರೆಯುವುದು? ಅದು ಶೆಡ್ಡಲ್ಲ, ಮನೆ ಎಂದು ಬರೆದರೆ, ಯಾರ ಮನೆ ಎಂದು ಕೇಳುತ್ತಾರೆ. ಮನೆ ಉಳಿಯಲಿ ಎಂದರೆ ಮುಖ ಐವತ್ತೆರಡು ಅಡಿಯಾಗುತ್ತದೆ, ಏಜೆನ್ಸಿ ನಾಗಮಂಗಲದ ಇನ್ನೊಬ್ಬ ಟ್ರಾಕ್ಟರು ವ್ಯಾಪಾರಿಯ ಪಾಲಾಗುತ್ತದೆ. ಅವನು ಕಾಯುತ್ತಲೇ ಇದ್ದಾನೆ. ಟೆಲಿಫೋನಿನ ಮೀಟರು ಸುಮ್ಮನೆ ಓಡುತ್ತಿತ್ತು.

ಹಾಗೆ ಕೂತಿದ್ದಾಗಲೇ ಅವನಿಗೆ ಇನ್ನೊಂದು ಹೊಳೆಯಿತು. ಬರೆದವಳು ಅವಳು. ತಾರೀಖು ಇಟ್ಟವಳು ಅವಳು. ಕೆಡವುವವನು ಮಂಚಯ್ಯ. ತಾನು ಏನೂ ಮಾಡಬೇಕಾಗಿಲ್ಲ, ಶನಿವಾರ ಕಳೆಯುವವರೆಗೆ ಸುಮ್ಮನಿದ್ದರೆ ಸಾಕು. ಹೊಡೆದ ಮೂರು ಮಾತನ್ನು ಅಳಿಸಿದ. ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು.

ಅಚ್ಚು ತೆಗೆದ ಹಾಳೆಯನ್ನು ಸಂಜೆ ಮಂಚಯ್ಯನ ಕೈಗೆ ಕೊಟ್ಟ. ಮಂಚಯ್ಯ ಕನ್ನಡಕ ಹಾಕಿಕೊಂಡು ಬೆರಳಿಟ್ಟು ನಿಧಾನವಾಗಿ ಓದಿದ. ನಾಲ್ಕನೆಯದರ ಮೇಲೆ ಬೆರಳು ನಿಂತಿತು.

"ಅಣ್ಣೋರೇ, ಇದು ಮೊದ್ಲು ನಿಮ್ದು, ಆಮ್ಯಾಕೆ ನಂದು. ಅವ್ವಂಗೆ ಏಳಿದ್ರಾ?"

"ಏಳ್ತೀನಿ ಕಣಯ್ಯ. ಇನ್ನೂ ಟೈಮಿಲ್ವಾ?"

"ಕಾವಲಿನೋರು ಅಂತ ಬರ್ದವ್ರೆ."

"ಆ ಹುಡ್ಗೀಗೆ ಏನ್ ಗೊತ್ತಾಯ್ತದೆ? ನಿಂಗೆ ಗುಂಡಿ ತೋಡಾಕೆ ಜಾಗ ತಾನೇ ಬೇಕು?"

ಮಂಚಯ್ಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡು ಎದ್ದ.

ತಿಮ್ಮರಾಜು ಹೇಳಲು ಹೋಗಲಿಲ್ಲ ಎನ್ನುವಂತಿಲ್ಲ. ಹೋದ. ಶುಕ್ರವಾರ ಸಂಜೆ ಹಣ್ಣು ಕಟ್ಟಿಸಿಕೊಂಡು ಹೋದ. ದೊಡ್ಡತಾಯಮ್ಮ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಅವನನ್ನು ಕಂಡು ಮುಖ ಅರಳಿತು.

"ಬಾ ಮಗ. ಎಷ್ಟು ದಿನ ಆಗಿತ್ತು ಇಂಗೆ ಒಬ್ನೇ ಬಂದು," ಎಂದಳು. ಕೈ ತೊಳೆದು ಬಂದು ಅವನ ಪಕ್ಕದ ಜಗುಲಿಯಲ್ಲಿ ಕೂತಳು. "ಅದ್ಯಾಕ್ಲಾ, ನಿನ್ ಆಳುಗೋಳು ಸುಣ್ಣ ಉಯ್ದವ್ರೆ, ಗೆರೆ ನೇರಕ್ಕೆ ನನ್ನ ಒಲೆ ಮ್ಯಾಲೇ ಓಯ್ತದೆ?"

"ಅದು ಅಳತೆಗೆ ಕಣವ್ವ."

"ಅಂಗಾ? ನಾ ಏನೋ ಅನ್ಕಂಡೆ." ಕೊಟ್ಟಿಗೆಯತ್ತ ನೋಡಿ, "ಕಟ್ಟಡ ಎದ್ದ ಮ್ಯಾಕೆ ಎಮ್ಮೆ ಕಟ್ಟಾಕೆ ಇಂದ್ಗಡೆ ವಸಿ ಜಾಗ ಬುಡ್ತೀಯಾ? ಬಂದೋರ್ಗೆ ವಾಸ್ನೆ ಬಂದಾತು. ದೂರಕ್ಕೇ ಕಟ್ಕತೀನಿ," ಎಂದಳು.

"ಅಂಗೇ ಆಗ್ಲಿ ಬುಡು," ಎಂದ ತಿಮ್ಮರಾಜು. ಹಣ್ಣಿನ ಚೀಲ ಅವಳ ಮಡಿಲಿಗಿಟ್ಟು ಎದ್ದು ಬಂದ. ಮನೆಯಲ್ಲಿ ಹೆಂಡತಿ ಪಾರ್ವತಮ್ಮ, "ಏಳುದ್ರಾ?" ಎಂದು ಕೇಳಿದಾಗ ಹೂಂ ಎಂದ. "ಸದ್ಯ," ಎಂದು ಅವಳು ಒಳಗೆ ಹೋದಳು.

ಶನಿವಾರ ಕಳೆಯಿತು. ಸೋಮವಾರ ಅರ್ಪಿತ ಫೋನು ಮಾಡಿ, ಯಾರಿಂದಲೂ ತಕರಾರಿಲ್ಲ, ಎಲ್ಲ ಪಕ್ಕಾ ಅಲ್ಲವೇ ಎಂದಳು. ಎಲ್ಲ ಸರಿಯಾಗಿದೆ ಮೇಡಂ ಎಂದ. ಬೋರಿನ ನೀರು ಬಂತು, ಕರೆಂಟು ಬಂತು, ಪಾಯದ ನಕ್ಷೆಯೂ ಬಂತು. ಇಪ್ಪತ್ತೆರಡನೆಯ ತಾರೀಖು ಮಂಚಯ್ಯ ಅಂಗಡಿಯ ಮುಂದೆ ಬಂದು ನಿಂತ.

"ಅವ್ವ ಇನ್ನೂ ಅಲ್ಲೇ ಅವ್ರೆ. ಸಾಮಾನೊಂದೂ ಎತ್ತಿಲ್ಲ. ನಾಳೆ ಏನ್ ಮಾಡ್ಲಿ?"

"ನಂಗೆ ನಾಳೆ ಮೈಸೂರ್ನಾಗೆ ಕಂಪನಿ ಮೀಟಿಂಗ್ ಅದೆ. ಕಾಗದದಾಗೆ ಇರೋ ಅಂಗೆ ಮಾಡು."

"ಒಂದ್ ಮಾತು ನೀವೇ ಬಾಯಲ್ಲಿ ಏಳ್ಬುಡಿ ಅಣ್ಣೋರೇ. ಕೆಡುವು ಅಂತ."

ತಿಮ್ಮರಾಜುವಿಗೆ ಎಲ್ಲಿತ್ತೋ ಕೋಪ. "ಓದಾಕೆ ಬರಾಕಿಲ್ವೇನಯ್ಯ ನಿಂಗೆ? ಇಪ್ಪತ್ ಮೂರು ಅಂತ ಬರ್ದಿಲ್ವಾ? ಒಂದಿನ ತಡ ಆದ್ರೂ ಅದು ನಿನ್ನ ತಲೆ ಮ್ಯಾಲೆ. ಇನ್ನೊಬ್ಬ ಕಂಟ್ರಾಕ್ಟ್ರು ಸಿಗಾಕಿಲ್ಲ ಅನ್ಕಂಡಿದ್ದೀಯಾ?"

ಅಂಗಡಿಯ ಹುಡುಗರೆಲ್ಲ ತಿರುಗಿ ನೋಡಿದರು. ಮಂಚಯ್ಯ ಹೊರಟುಹೋದ.

ಮೈಸೂರಿನಲ್ಲಿ ಮೀಟಿಂಗೂ ಇರಲಿಲ್ಲ, ಏನೂ ಇರಲಿಲ್ಲ. ತಿಮ್ಮರಾಜು ಬೆಳಿಗ್ಗೆ ಒಂದು ಹೋಟೆಲಿನಲ್ಲಿ ಕೂತು ದೋಸೆ ತಿಂದ, ಮಾರ್ಕೆಟ್ಟು ಸುತ್ತಿದ, ಮ್ಯಾಟಿನಿ ನೋಡಿದ. ತೆರೆಯ ಮೇಲೆ ಏನು ನಡೆಯಿತೆಂಬುದು ಅವನ ತಲೆಗೆ ಹತ್ತಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದು ಎಣಿಸಿ ಸ್ಕೂಟರು ಹತ್ತಿದ. ಅತ್ತು ಕರೆದು ಅಷ್ಟರಲ್ಲಿ ಸುಮ್ಮನಾಗಿರುತ್ತಾಳೆ. ಬೂಕನಕೆರೆಯಲ್ಲಿ ಅವಳ ಅಕ್ಕನ ಮಗಳು ಸೋಮಮ್ಮ ಇದ್ದಾಳೆ, ಅಲ್ಲಿಗೆ ಕಾರು ಮಾಡಿ ಕಳಿಸಿದರಾಯಿತು. ತಿಂಗಳು ತಿಂಗಳು ಏನಾದರೂ ಕೊಡೋಣ. ದಾರಿಯುದ್ದಕ್ಕೂ ಇದೇ ಲೆಕ್ಕ ಹಾಕಿಕೊಂಡು ಬಂದ.

ಆದರೆ ಮನೆ ನಿಂತೇ ಇತ್ತು. ಅರ್ಧ ಸೂರಿನ ಹೆಂಚು ಇಳಿಸಿ ಬೇಲಿಗೆ ಒರಗಿಸಿದ್ದರು. ಬರಿಯ ಮರದ ತೀರುಗಳ ನಡುವೆ ಬಿಸಿಲು ಒಳಗೆ ಬಿದ್ದು ಒಲೆ, ಮಡಕೆ, ಗೋಡೆಯ ಮೇಲಿನ ದೇವರ ಪಟ ರಸ್ತೆಗೆ ಕಾಣುತ್ತಿದ್ದವು. ಆಳುಗಳು ಹಾರೆ ಊರಿಕೊಂಡು ನಿಂತಿದ್ದರು. ಅರ್ಪಿತಳ ಕಾರೂ ಅಲ್ಲೇ ಇತ್ತು. ಮರುದಿನದ ಪಾಯದ ಕೆಲಸಕ್ಕೆ ಗುರುತು ನೋಡಿಹೋಗಲು ಬಂದಿದ್ದಳಂತೆ. ದೊಡ್ಡತಾಯಮ್ಮ ಜಗುಲಿಯ ಕಂಬ ಹಿಡಿದು ಕೂತಿದ್ದಳು. ಸ್ಕೂಟರು ಕಂಡದ್ದೇ ಎದ್ದು ನಿಂತಳು.

"ಬಂದ್ಯಾ ಮಗ? ನಾನು ಆಗಿಂದ್ಲೂ ಬಡ್ಕತಾ ಇವ್ನಿ, ನಮ್ ತಿಮ್ಮ ಬರ್ಲಿ ತಡೀರಪ್ಪೋ ಅಂತ. ಏನೋ ಕಾಗ್ದ ತೋರುಸ್ತಾವ್ರೆ. ತಪ್ಪು ತಿಳ್ಕಂಡವ್ರೆ. ಏಳು ಇವ್ರಿಗೆ."

ಮಂಚಯ್ಯ ಹತ್ತಿರ ಬರಲಿಲ್ಲ. ದೂರದಿಂದಲೇ, "ಅವ್ವ ನೀವು ಬರೋಗಂಟ ಏಳಾಕಿಲ್ಲ ಅಂದ್ರು. ನಾ ಮುದುಕಿ ಮೈ ಮುಟ್ಟಿ ಎಬ್ಸಾಕಿಲ್ಲ," ಎಂದ.

ಅರ್ಪಿತ ಹಾಳೆ ಹಿಡಿದುಕೊಂಡು ಮುಂದೆ ಬಂದಳು. ಅವಳ ಮುಖ ಗಂಟಿಕ್ಕಿತ್ತು. "ಸರ್, ಇವರಿಗೆ ಗೊತ್ತೇ ಇಲ್ಲ ಅಂತಿದಾರೆ. ನಾಲ್ಕನೇ ಅಂಶ ನಿಮ್ಮ ಹೆಸರಲ್ಲಿದೆ. ನೀವು ಇವರಿಗೆ ಹೇಳಲಿಲ್ವಾ?"

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಆಳುಗಳು, ಮಂಚಯ್ಯ, ಆ ಹುಡುಗಿ, ರಸ್ತೆಯಲ್ಲಿ ಸೈಕಲ್ ನಿಲ್ಲಿಸಿದ್ದ ಇಬ್ಬರು. ಆಗಲೂ ಒಂದು ಮಾತಿನಲ್ಲಿ ಎಲ್ಲ ಸರಿಹೋಗಬಹುದಿತ್ತು. ಹೇಳಲಿಲ್ಲ, ತಪ್ಪು ನನ್ನದು, ಇವಳು ನನ್ನನ್ನು ಸಾಕಿದವಳು ಎಂದಿದ್ದರೆ ಸಾಕಿತ್ತು. ತಿಮ್ಮರಾಜುವಿನ ನಾಲಿಗೆ ಬೇರೆಯದನ್ನೇ ಆಡಿತು.

"ಹೇಳಿದ್ದೆ ಮೇಡಂ. ಹಣ್ಣು ತಗೊಂಡು ಬಂದು ಕೂತು ಹೇಳಿದೀನಿ. ವಯಸ್ಸಾಯ್ತಲ್ಲ, ಮರೀತಾರೆ. ಇತ್ತೀಚೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲ."

ದೊಡ್ಡತಾಯಮ್ಮ ಅವನ ಮುಖವನ್ನೇ ನೋಡಿದಳು. ಸಣ್ಣವನಿದ್ದಾಗ ಬೆಲ್ಲ ಕದ್ದು ತಿಂದು ಇಲ್ಲವೆಂದಾಗಲೂ ಅವಳು ಹಾಗೇ ನೋಡುತ್ತಿದ್ದಳು, ಬೈಯುತ್ತಿರಲಿಲ್ಲ. ಅವನು ಕಣ್ಣು ತಪ್ಪಿಸಿ ಸ್ಕೂಟರಿನ ಬೀಗದ ಕೈಯನ್ನು ತಿರುವುತ್ತ ನಿಂತ. ಆಮೇಲೆ ಅವಳು ಅರ್ಪಿತಳ ಕಡೆ ತಿರುಗಿದಳು.

"ಔದು ಕಣವ್ವ. ಏಳಿದ್ದ. ನಂಗೇ ಮರ್ತೋಗಿತ್ತು."

"ಸರಿಯಾಗಿ ನೆನಪು ಮಾಡ್ಕೊಳ್ಳಿ ಅಜ್ಜಿ," ಎಂದಳು ಅರ್ಪಿತ.

"ಏಳಿದ್ದ ಅಂದ್ನಲ್ಲವ್ವ. ಅವ್ನ್ಯಾಕೆ ಸುಳ್ಳು ಏಳಾನು?"

ಹಾಗೆಂದವಳೇ ಒಳಗೆ ಹೋದಳು. ಸೀರೆಗಳನ್ನು ಒಂದು ಗಂಟು ಕಟ್ಟಿದಳು, ಪಟ ತೆಗೆದು ಅದರೊಳಗೆ ತುರುಕಿದಳು. ಮಂಚಯ್ಯನೇ ಹೋಗಿ ಮಡಕೆ ಪಾತ್ರೆಗಳನ್ನು ಒಂದೊಂದಾಗಿ ಹೊತ್ತು ಹೊರಗಿಟ್ಟ. ತಿಮ್ಮರಾಜು ಕಾರು ತರಿಸುತ್ತೇನೆ ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಮಂಚಯ್ಯ ತನ್ನ ಜಲ್ಲಿ ಸಾಗಿಸುವ ಲಾರಿಯಲ್ಲಿ ಎಮ್ಮೆಗಳನ್ನು ಹತ್ತಿಸಿ, ಅವಳನ್ನು ಮುಂದೆ ಕೂರಿಸಿ, ತಾನೇ ಬೂಕನಕೆರೆಗೆ ಕರೆದೊಯ್ದ. ಲಾರಿ ಕಣ್ಮರೆಯಾದ ಮೇಲೆ ಆಳುಗಳು ಗೋಡೆಗೆ ಹಾರೆ ಹಾಕಿದರು. ಮಣ್ಣಿನ ಗೋಡೆ, ಹೊತ್ತು ಮುಳುಗುವುದರೊಳಗೆ ನೆಲಕ್ಕೆ ಬಂತು.

ಮುಂದಿನ ಸಾರಾಂಶದ ಇ-ಮೇಲಿನಲ್ಲಿ ಅದೂ ಸೇರಿತು: "ನಾಲ್ಕನೆಯ ಅಂಶ ನಿಗದಿತ ದಿನವೇ ಮುಗಿದಿದೆ. ಮಾಲೀಕರು ಮುಂಚಿತವಾಗಿ ತಿಳಿಸಿದ್ದರೆಂದು ನಿವಾಸಿ ಎಲ್ಲರೆದುರು ಒಪ್ಪಿಕೊಂಡಿದ್ದಾರೆ." ತಿಮ್ಮರಾಜು ಓದಿ ಸುಮ್ಮನಾದ. ಏರಿಯಾ ಮ್ಯಾನೇಜರು ಮಾತ್ರ ಒಂದೇ ಪದದ ಉತ್ತರ ಕಳಿಸಿದ್ದ: "ಭೇಷ್."

ಅಂದಿನಿಂದ ಮಂಚಯ್ಯ ಬದಲಾದ. ಕೆಲಸ ಬಿಡಲಿಲ್ಲ. ಎಂಟು ಮಂದಿ ಗಾರೆಯವರ ಹೊಟ್ಟೆ ಅವನ ಮೇಲಿತ್ತು. ಆದರೆ ಬಾಯಿಮಾತಿಗೆ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಕಿಟಕಿ ಆರಿಂಚು ಸರಿಸು ಎಂದರೆ, "ಬರ್ದು ರುಜು ಹಾಕ್ಕೊಡಿ ಅಣ್ಣೋರೇ," ಎನ್ನುವನು. ನೀರು ಕುಡಿಯುತ್ತೀಯಾ ಎಂದು ಕೇಳಿದರೂ ಬೇಡವೆಂದು ತಲೆಯಾಡಿಸುವನು. ಅರ್ಪಿತಳಿಗೂ ಯಾರಿಂದಲೋ ವಿಷಯ ತಿಳಿದಿರಬೇಕು. ಸಭೆಗೆ ಬಂದರೆ ನಕ್ಷೆ ಬಿಟ್ಟು ಬೇರೆ ಮಾತಾಡಳು. ಒಂದು ದಿನ ಮಾತ್ರ, ಕಾರು ಹತ್ತುವ ಮುಂಚೆ, "ನಾನು ಬರೆದದ್ದರಲ್ಲಿ ತಪ್ಪಿದ್ದರೆ ಹೇಳಿ ಅಂತ ಕೇಳಿದ್ದೆ ಸರ್," ಎಂದಳು. "ಈಗಲೂ ನೀವು ಬರೆದರೆ ತಿದ್ದಿ ಎಲ್ಲರಿಗೂ ಕಳಿಸ್ತೀನಿ." ತಿಮ್ಮರಾಜು ನಕ್ಕಂತೆ ಮಾಡಿದ.

ಕಟ್ಟಡ ಎದ್ದಿತು. ಗಾಜು ಕೂತಿತು. ವಿಜಯದಶಮಿಯ ದಿನ ಬಾಗಿಲು ತೆರೆಯುವುದೆಂದು ನಿಶ್ಚಯವಾಯಿತು. ಹತ್ತಿರ ಬಂದಂತೆ ತಿಮ್ಮರಾಜುವಿಗೆ ಒಂದು ಅಂಜಿಕೆ ಹಿಡಿಯಿತು. ನೆಂಟರಿಷ್ಟರು ಬರುತ್ತಾರೆ, ಮುದುಕಿ ಎಲ್ಲಿ ಎಂದು ಕೇಳುತ್ತಾರೆ. ಅವಳೇ ಬಂದು ದೀಪ ಹಚ್ಚಿದರೆ ಎಲ್ಲರ ಬಾಯಿಯೂ ಮುಚ್ಚುತ್ತದೆ. ಅಂಜಿಕೆಯ ಹಿಂದೆ ಇನ್ನೂ ಏನೋ ಇತ್ತು, ಅದನ್ನು ಅವನು ಕೆದಕಲು ಹೋಗಲಿಲ್ಲ. ಹಬ್ಬಕ್ಕೆ ಒಂದು ವಾರವಿರುವಾಗ ರೇಷ್ಮೆ ಸೀರೆ ಕೊಂಡು ಬೂಕನಕೆರೆಗೆ ಹೋದ.

ಸೋಮಮ್ಮನ ಮನೆಯ ಹಿತ್ತಿಲಲ್ಲಿ ದೊಡ್ಡತಾಯಮ್ಮ ಕಡ್ಡಿ ಪೊರಕೆ ಕಟ್ಟುತ್ತಿದ್ದಳು. ಇಳಿದುಹೋಗಿದ್ದಳು. ಒಂದು ಎಮ್ಮೆ ಮಾತ್ರ ಇತ್ತು. ಅವನನ್ನು ಕಂಡು, "ಬಾಪ್ಪ, ಕುಂತ್ಕೋ," ಎಂದಳು, ಮಗ ಎನ್ನಲಿಲ್ಲ. ಅವನು ಬಂದ ಕಾರಣ ಹೇಳಿದ. ಸೀರೆ ಮುಂದಿಟ್ಟ. ಅವಳು ಮುಟ್ಟಲಿಲ್ಲ.

"ಅಲ್ಲಿ ನಾ ಬಂದ್ರೆ ಯಾರು ಅಂತ ಏಳೀಯೆ?"

ತಿಮ್ಮರಾಜು ನೆಲ ನೋಡಿದ. "ಅವ್ವ ಅಂತೀನಿ," ಎಂದ.

"ಕಾಗ್ದದಾಗೆ ಕಾವಲಿನೋಳು ಅಂತ ಅದಂತಲ್ಲ. ಬುದ್ಧಿ ಇಲ್ದೋಳು ಅಂತ ನೀನೇ ಅಂದೆ. ಮಂಚಯ್ಯ ಓದಿ ಏಳ್ದ, ನಾನೇ ಕೇಳಿ ಓದುಸ್ಕಂಡೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಮನೆ ಓಯ್ತು, ಓಗ್ಲಿ. ಮಣ್ಣು ತಾನೆ. ಆದ್ರೆ ಅದೊಂದನ್ನ ಸರಿ ಮಾಡ್ಸು. ಆ ಹುಡ್ಗೀಗೆ ಬರಿ. ದೊಡ್ತಾಯಿ ಚೌಡಯ್ಯನ ಹೆಂಡ್ತಿ, ಅಲ್ಲಿದ್ದುದ್ದು ಅವ್ಳ ಮನೆ ಅಂತ. ಎಲ್ರಿಗೂ ಕಳ್ಸು ಅನ್ನು. ಅಷ್ಟು ಬರ್ದುದ್ದೇ ಆದ್ರೆ ಬತ್ತೀನಿ. ನಿನ್ ಬಾಗ್ಲಲ್ಲಿ ದೀಪ ಅಚ್ತೀನಿ."

ತಿಮ್ಮರಾಜು ಅವಳ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತು, "ಬರೀತೀನಿ ಚಿಕ್ಕವ್ವ. ಇವತ್ತೇ ಬರೀತೀನಿ. ಅವತ್ತು ಬೆಳಗ್ಗೆ ಕಾರು ಕಳುಸ್ತೀನಿ," ಎಂದ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು, ಸೀರೆ ತೆಗೆದುಕೊಂಡಳು.

ಸಂಜೆ ಅಂಗಡಿಗೆ ಬಂದು ಲೈನು ಹಚ್ಚಿದ. ಹಳೆಯ ಇ-ಮೇಲು ತೆರೆದು ಅದಕ್ಕೇ ಉತ್ತರವೆಂದು ನಾಲ್ಕು ಸಾಲು ಹೊಡೆದ. ಇಂಗ್ಲಿಷು ತಡವರಿಸಿತು, ಆದರೂ ಇರಬೇಕಾದದ್ದೆಲ್ಲ ಇತ್ತು, ಅಪ್ಪನ ಹೆಸರು, ಅವಳ ಹೆಸರು, ತಾನು ಮುಂಚೆ ತಿಳಿಸಿರಲಿಲ್ಲವೆಂಬುದು. ಕಳಿಸುವ ಗುಂಡಿ ಒತ್ತುವ ಮುಂಚೆ ಮೇಲಿನ ಸಾಲಿನ ಮೇಲೆ ಕಣ್ಣುಬಿತ್ತು. ಏರಿಯಾ ಮ್ಯಾನೇಜರಿನ ಹೆಸರು ಅಲ್ಲಿತ್ತು. ಉದ್ಘಾಟನೆಗೆ ಬೆಂಗಳೂರಿನಿಂದ ದೊಡ್ಡ ಸಾಹೇಬರನ್ನು ಕರೆತರುತ್ತಿರುವವನು ಅವನೇ. ಮಾಲೀಕ ತನ್ನ ಸಾಕುತಾಯಿಯನ್ನು ಮೋಸದಿಂದ ಎಬ್ಬಿಸಿದ ಜಾಗದಲ್ಲಿ ತಮ್ಮ ಕಂಪನಿಯ ಬೋರ್ಡು ನಿಂತಿದೆ ಎಂದು ಓದಿದರೆ? ಈ ಗದ್ದಲ ಮುಗಿಯಲಿ, ಹಬ್ಬವಾದ ಮೇಲೆ ಕಳಿಸಿದರಾಯಿತು ಎಂದುಕೊಂಡ. ಲೈನು ಕತ್ತರಿಸಿದ. ಬರೆದದ್ದು ಉಳಿಯುತ್ತದೋ ಇಲ್ಲವೋ ಎಂದು ಕೂಡ ನೋಡಲಿಲ್ಲ. ಬರೆಯದೆ ಅವಳನ್ನು ಕರೆಸಿದರೆ ಎಲ್ಲರೆದುರು, ಬರೆದ್ಯಾ ಎಂದು ಕೇಳುತ್ತಾಳೆ. ಅದಕ್ಕೇ ಕಾರಿಗೂ ಹೇಳಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಷೋರೂಮಿನ ತುಂಬ ಜನ. ಚೆಂಡುಹೂವಿನ ಹಾರ ಹಾಕಿದ ಆರು ಟ್ರಾಕ್ಟರುಗಳು ಸಾಲಾಗಿ ಇಳಿಜಾರಿನಲ್ಲಿ ನಿಂತಿದ್ದವು. ವಾಲಗದವರು ಬಾರಿಸುತ್ತಿದ್ದರು. ಪಾರ್ವತಮ್ಮ ಹೊಸ ಒಡವೆ ಹಾಕಿಕೊಂಡು ಬಂದವರಿಗೆ ಕುಂಕುಮ ಕೊಡುತ್ತಿದ್ದಳು. ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ತಿಮ್ಮರಾಜು ಒಂದು ಕಿವಿ ಮುಚ್ಚಿಕೊಂಡು ಎತ್ತಿದ. ಬೂಕನಕೆರೆಯ ಎಸ್‌ಟಿಡಿ ಬೂತಿನಿಂದ ಸೋಮಮ್ಮ.

"ಅಣ್ಣಾ, ಕಾರು ಎಲ್ಲಿಗೆ ಬಂತು? ಅವ್ವ ಕೋಳಿ ಕೂಗೋ ಒತ್ಗೇ ಎದ್ದು, ತಲೆಗೆ ನೀರಾಕ್ಕಂಡು, ನೀ ಕೊಟ್ಟ ಸೀರೆ ಉಟ್ಕಂಡು ಬಾಗ್ಲಲ್ಲಿ ಕುಂತವ್ಳೆ. ಒಂದ್ ತೊಟ್ಟು ಕಾಪೀನೂ ಕುಡೀಲಿಲ್ಲ. ದೀಪ ಅಚ್ಚೋಗಂಟ ಬ್ಯಾಡ ಅಂತಾವ್ಳೆ."

ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಅಣ್ಣಾ? ಕೇಳುಸ್ತದಾ? ಬರ್ದಾಯ್ತಾ ಅಂತ ಕೇಳು ಅಂದ್ಲು. ಬರ್ದಾಯ್ತಂತಾ?"

"ಬರ್ದಾಯ್ತು ಅನ್ನು," ಎಂದ ತಿಮ್ಮರಾಜು. "ಕಾರು ದಾರೀಲಿ ಕೆಟ್ಟು ನಿಂತದಂತೆ. ಬತ್ತದೆ, ವಸಿ ಕಾಯಕ್ಕೇಳು."

ಫೋನು ಇಟ್ಟ. ಏರಿಯಾ ಮ್ಯಾನೇಜರು ಬಂದು ಹೆಗಲ ಮೇಲೆ ಕೈ ಹಾಕಿ, ಸಾಹೇಬರು ಬಂದರು, ಫೋಟೋಕ್ಕೆ ಬನ್ನಿ ಎಂದ. ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಹೊಸೆದಿಟ್ಟಿದ್ದರು. ಸಾಹೇಬರ ಹೆಂಡತಿ ಹಚ್ಚಿದಳು. ತಿಮ್ಮರಾಜು ಅವರ ಪಕ್ಕದಲ್ಲಿ ನಿಂತು, ಫೋಟೋದವನು ಹೇಳಿದಂತೆ ಗಲ್ಲ ಸ್ವಲ್ಪ ಮೇಲೆತ್ತಿದ.